‘ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ’ ಅಂದ್ರೆ ಎಷ್ಟು ರೂಪಾಯಿ? ಯಾವ ತಾರೀಖಿಗೆ?



ಮೊದಲು ಈ ಎರಡು ವಾಕ್ಯ ಓದಿ. ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರು ತಾಲೂಕಿನೊಳಗಿನ ಒಂದು ಖಾಸಗಿ ಆಸ್ಪತ್ರೆ ನಮ್ಮ ಒಂದು ಕುಟುಂಬಕ್ಕೆ ಬರೆದುಕೊಟ್ಟ ಕ್ಷಮಾಪಣೆ ಪತ್ರ ಇದು. ಆಸ್ಪತ್ರೆ ಹೆಸರು ಹಾಕಬೇಡಿ ಅಂತ ಕುಟುಂಬವೇ ಹೇಳಿದೆ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕಾಗುತ್ತದೆ ಅನ್ನುವುದು ಅವರ ಹೆದರಿಕೆ. ಹಾಗಾಗಿ ಹೆಸರು ಬೇಡ, ಪತ್ರ ಸಾಕು.

“ತಮ್ಮ ಬಿಲ್ಲಿಗೆ ಸಂಬಂಧಿಸಿದಂತೆ ತಾಂತ್ರಿಕ ಕಾರಣಗಳಿಂದ ಕೆಲವು ವ್ಯತ್ಯಾಸಗಳು ಉಂಟಾಗಿರುವುದು ಗಮನಕ್ಕೆ ಬಂದಿದ್ದು, ಇದರಿಂದ ತಮಗೆ ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ. ಸೂಕ್ತ ಪರಿಶೀಲನೆಯ ನಂತರ ಅನ್ವಯವಾಗುವ ಮೊತ್ತವನ್ನು ಆದಷ್ಟು ಬೇಗ ಹೊಂದಾಣಿಕೆ ಮಾಡಲಾಗುವುದು.”

ಕೆಳಗೆ ಸೀಲು, ಸಹಿ. ಚೆಂದದ ದಪ್ಪ ಕಾಗದ.

ಆ ಮನೆಯ ಅಕ್ಕ ಗೇರುಬೀಜ ಫ್ಯಾಕ್ಟರಿಗೆ ಹೋಗುವವರು. ಪತ್ರವನ್ನು ಮಗಳ ಹತ್ತಿರ ಎರಡು ಸಲ ಓದಿಸಿ ಕೇಳಿ ನನ್ನ ಕೈಗೆ ಕೊಟ್ಟರು. ಕೇಳಿದ್ದು ಒಂದೇ ಮಾತು: “ದುಡ್ಡ್ ಯಾವಾಗ ಬತ್ತ್ ಅಂದೇಳಿ ಇದ್ರಗೆ ಎಲ್ಲಿತ್ತ್?” ಎಲ್ಲಿಯೂ ಇಲ್ಲ. ಎಷ್ಟು ಬರುತ್ತದೆ ಅಂತಲೂ ಇಲ್ಲ, ಏನು ತಪ್ಪಾಯಿತು ಅಂತಲೂ ಇಲ್ಲ. ಇನ್ನೂ ಒಂದಿದೆ. ಕೌಂಟರಿನಲ್ಲಿ ಎರಡು ವಾರ ‘ನೀನು, ನಿಂದು, ಆಚೆ ಕೂತ್ಕೋ’ ಅಂತ ಏಕವಚನದಲ್ಲಿ ಮಾತಾಡಿದವರು ಪತ್ರದಲ್ಲಿ ಮಾತ್ರ ‘ತಮ್ಮ’, ‘ತಮಗೆ’ ಅಂದಿದ್ದಾರೆ. ಬಹುವಚನ ಕೊಟ್ಟಿದ್ದಾರೆ, ಲೆಕ್ಕ ಕೊಟ್ಟಿಲ್ಲ.

ವಿಷಯ ಏನಂದ್ರೆ, ಆ ಅಕ್ಕನ ಗಂಡ ತೆಂಗಿನ ಮರದಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಜುಲೈ 3ರ ರಾತ್ರಿ ದಾಖಲು, 9ಕ್ಕೆ ಬಿಡುಗಡೆ. ಒಟ್ಟು ಆರು ದಿನ, ಅಷ್ಟೂ ದಿನ ಜನರಲ್ ವಾರ್ಡು. ಅಂತಿಮ ಬಿಲ್ಲು 68,740 ರೂಪಾಯಿ. ದಾಖಲಾದ ರಾತ್ರಿ 20,000 ನಗದು ಅಡ್ವಾನ್ಸ್ ಕಟ್ಟಿದ್ದರು. ಉಳಿದ 48,740 ಬಿಡುಗಡೆಯ ದಿನ ಅಕ್ಕನ ಮಗನ ಮೊಬೈಲಿನಿಂದ ಹೋಯಿತು. ಆ ದುಡ್ಡು ಬಂದದ್ದು ಒಂದಷ್ಟು ಸಂಘದ ಸಾಲ, ಒಂದಷ್ಟು ಸೊಸೈಟಿಯಲ್ಲಿ ಬೆಂಡೋಲೆ ಅಡವಿಟ್ಟು. ಆಸ್ಪತ್ರೆ ಆಯುಷ್ಮಾನ್ ಯೋಜನೆಗೆ ನೋಂದಾಯಿತ ಅಲ್ಲ, ಹಾಗಾಗಿ ಕಾರ್ಡ್ ನಡೆಯಲಿಲ್ಲ. (ನೋಂದಾಯಿತ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿ ಬಿಪಿಎಲ್ ಕುಟುಂಬದ ಚಿಕಿತ್ಸೆ ನಡೆದಿದ್ದು, ಅದರ ಮೇಲೂ ಕೈಯಿಂದ ದುಡ್ಡು ಕಟ್ಟಿಸಿಕೊಂಡರೆ ಅದು ಬಿಲ್ಲಿನ ತಪ್ಪಲ್ಲ, ಬೇರೆಯೇ ದೂರು. ಅದರ ಬಗ್ಗೆ ಇನ್ನೊಮ್ಮೆ.)

ಈಗ ತಪ್ಪು ಏನು ಅಂತ ನೋಡುವ. ಪತ್ರ ಹೇಳದ್ದನ್ನು ನಾವು ಕಾಗದ ಇಟ್ಟುಕೊಂಡು ಹುಡುಕಿದೆವು.

ಒಂದು, ಸಿ.ಟಿ. ಸ್ಕ್ಯಾನ್. ರಾತ್ರಿ ಕ್ಯಾಶುವಾಲ್ಟಿಯಲ್ಲಿ ಸ್ಕ್ಯಾನ್ ಮಾಡುವ ಮುಂಚೆಯೇ 4,200 ನಗದು ಕಟ್ಟಿಸಿಕೊಂಡು ಬೇರೆ ರಸೀದಿ ಕೊಟ್ಟಿದ್ದರು. ಆಗಿನ್ನೂ ಅವರು ಹೊರರೋಗಿ ನಂಬರಿನಲ್ಲಿದ್ದರು. ಅರ್ಧ ಗಂಟೆ ಬಿಟ್ಟು ಒಳರೋಗಿ ನಂಬರು ಬಂತು, ಅದೇ ಸ್ಕ್ಯಾನ್ ಆ ನಂಬರಿಗೂ ಏರಿತು. ಎರಡು ನಂಬರು ಒಂದೇ ಮನುಷ್ಯನದ್ದು ಅಂತ ಬಿಲ್ಲು ತೆಗೆಯುವಾಗ ಯಾರೂ ತಾಳೆ ನೋಡಲಿಲ್ಲ. ಇದನ್ನು ಹಿಡಿಯುವುದು ಸುಲಭ: ಸ್ಕ್ಯಾನ್ ಎರಡು ಸಲ ಆಗಿದ್ದರೆ ರಿಪೋರ್ಟ್ ಎರಡು ಇರಬೇಕು. ಇಲ್ಲಿ ರಿಪೋರ್ಟ್ ಒಂದೇ, ಅದರ ಮೇಲಿನ ಸಮಯವೂ ಒಂದೇ.

ಎರಡು, ವಾರ್ಡಿನ ಬಾಡಿಗೆ. ಜುಲೈ 5, 6, 7 ಮೂರು ದಿನ ಸೆಮಿ ಪ್ರೈವೇಟ್ ರೂಮಿನ ದರ, ದಿನಕ್ಕೆ 2,800. ಜನರಲ್ ವಾರ್ಡಿಗೆ 1,200. ಕಂಪ್ಯೂಟರಿನಲ್ಲಿ ಬೆಡ್ ಬದಲಾಯಿಸಿದ್ದಾರೆ, ಮನುಷ್ಯನನ್ನು ಬದಲಾಯಿಸಿಲ್ಲ. ನರ್ಸ್‌ಗಳು ದಿನಕ್ಕೆ ಮೂರು ಪಾಳಿಯಲ್ಲಿ ಬರೆಯುವ ಚಾರ್ಟಿನಲ್ಲಿ ಬೆಡ್ ನಂಬರು ಇರುತ್ತದೆ. ಅದರಲ್ಲಿ ಆರೂ ದಿನ ಒಂದೇ ಬೆಡ್. ದಿನಕ್ಕೆ 1,600ರಂತೆ 4,800 ಹೆಚ್ಚು.

ಮೂರು, ವಾಪಸು ಕೊಟ್ಟ ಔಷಧಿ. ವಾರ್ಡಿಗೆ ತರಿಸಿ ಬಳಸದೆ ಉಳಿದ ಇಂಜೆಕ್ಷನ್, ಡ್ರಿಪ್ ಬಾಟಲಿಗಳನ್ನು ಸಿಸ್ಟರ್ ಫಾರ್ಮಸಿಗೆ ಹಿಂದಿರುಗಿಸಿದ್ದರು. ಮೊತ್ತ 2,350. ವಾಪಸಾತಿ ಚೀಟಿ ಇದೆ. ಆದರೆ ಫಾರ್ಮಸಿಯವರು ಅದನ್ನು ಏರಿಸುವ ಮೊದಲೇ ಅಂತಿಮ ಬಿಲ್ಲು ತೆಗೆದಾಗಿತ್ತು.

ಈ ಮೂರನ್ನು ಕೂಡಿಸಿದರೆ 11,350. ಪತ್ರ ಹಿಡಿದುಕೊಂಡು ಅಕೌಂಟ್ಸ್‌ಗೆ ಹೋಗಿ “ಎಷ್ಟು ಮೊತ್ತ?” ಅಂತ ಕೇಳಿದಾಗ ಅವರು ಹೇಳಿದ್ದೂ ಅಷ್ಟೇ. ಅಲ್ಲಿಗೆ ಮುಗಿಯಿತು ಅಂತ ಎದ್ದು ಬರಬಹುದಿತ್ತು. ಆದರೆ ವಾರ್ಡ್ ತಪ್ಪು ಒಂಟಿಯಾಗಿ ಬರುವುದಿಲ್ಲ ಮಾರ್ರೆ. ಬಹಳಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ಡಾಕ್ಟರ್ ಬಂದು ನೋಡುವ ಫೀಸು, ನರ್ಸಿಂಗ್ ಚಾರ್ಜು ಎಲ್ಲ ರೂಮಿನ ದರ್ಜೆ ಮೇಲೆ ನಿಂತಿರುತ್ತವೆ. ಅದೇ ಡಾಕ್ಟರು, ಅದೇ ಸ್ಟೆತಾಸ್ಕೋಪು, ರೂಮು ದೊಡ್ಡದಾದರೆ ಫೀಸೂ ದೊಡ್ಡದು. ರೂಮನ್ನು ತಪ್ಪಾಗಿ ಬರೆದರೆ ಕಂಪ್ಯೂಟರ್ ಉಳಿದ ದರವನ್ನೂ ತಾನಾಗಿ ಏರಿಸುತ್ತದೆ. ನೋಡಿದರೆ ಹೌದು: ಡಾಕ್ಟರ್ ವಿಸಿಟ್ 500 ಇರಬೇಕಾದಲ್ಲಿ ಮೂರು ದಿನ 700, ನರ್ಸಿಂಗ್ ದಿನಕ್ಕೆ 150 ಹೆಚ್ಚು. ಅದು 600, ಇದು 450. ಇನ್ನೂ 1,050 ಹೊರಗೆ ಬಂತು. ಒಟ್ಟು 12,400. ಸರಿಯಾದ ಬಿಲ್ಲು 56,340.

ನನ್ನ ತಕರಾರು ಇಲ್ಲೇ ಇರುವುದು. ಆ ಸಾವಿರದ ಐವತ್ತು ರೂಪಾಯಿ ‘ಕೆಲವು ವ್ಯತ್ಯಾಸಗಳು’ ಅನ್ನುವ ಎರಡು ಪದದ ಒಳಗೆ ಅಡಗಿ ಕೂತಿತ್ತು. ಪತ್ರದಲ್ಲಿ ‘ಮೂರು ದಿನ ರೂಮಿನ ದರ್ಜೆ ತಪ್ಪಾಗಿ ನಮೂದಾಗಿದೆ’ ಅಂತ ಬರೆದಿದ್ದರೆ, ಬರೆಯುವ ಗುಮಾಸ್ತನಿಗೇ ಉಳಿದ ದರಗಳ ನೆನಪಾಗುತ್ತಿತ್ತು. ತಪ್ಪಿನ ಹೆಸರು ಹೇಳದ ಪತ್ರವನ್ನು ಓದುವವರು ಪರೀಕ್ಷಿಸಲಿಕ್ಕೆ ಆಗುವುದಿಲ್ಲ. ಬರೆದವರಿಗೂ ಆಗುವುದಿಲ್ಲ.

ಈಗ ಆ ಎರಡು ವಾಕ್ಯಕ್ಕೆ ಮತ್ತೆ ಬನ್ನಿ, ಪದ ಪದ ಬಿಡಿಸುವ. ‘ತಾಂತ್ರಿಕ ಕಾರಣಗಳಿಂದ’ ಅಂದರೆ ಕಂಪ್ಯೂಟರು ಮಾಡಿತು, ಮನುಷ್ಯರು ಮಾಡಲಿಲ್ಲ ಅಂತ. ‘ಗಮನಕ್ಕೆ ಬಂದಿದ್ದು’ ಅಂದರೆ ತಾನಾಗಿ ಬಂತು. ಆದರೆ ತಂದದ್ದು ಆ ಅಕ್ಕ, ರಸೀದಿ ಹಿಡಿದುಕೊಂಡು, ಜುಲೈ 12ಕ್ಕೆ, ಒಂದು ದಿನದ ಮಜೂರಿ ಬಿಟ್ಟು. ‘ಅನಾನುಕೂಲವಾಗಿದ್ದಲ್ಲಿ’ ಅನ್ನುವುದು ನನಗೆ ಎಲ್ಲಕ್ಕಿಂತ ಸಿಟ್ಟು ಬರಿಸಿದ ಪದ. ಆಗಿದ್ದಲ್ಲಿ ಅಂದರೆ ಎಂತ? ಬೆಂಡೋಲೆ ಸೊಸೈಟಿಯಲ್ಲಿದೆ, ಆಗಿದೆಯೋ ಇಲ್ಲವೋ ಅನ್ನುವ ಪ್ರಶ್ನೆ ಎಲ್ಲಿಂದ ಬಂತು?

ಆದರೆ ಸಿಟ್ಟು ಬರಿಸುವ ಪದಕ್ಕಿಂತ ಅಪಾಯದ ಪದ ಇನ್ನೊಂದಿದೆ, ಅದು ‘ಹೊಂದಾಣಿಕೆ’. ದುಡ್ಡು ಹಿಂದಿರುಗಿಸುತ್ತೇವೆ ಅಂತ ಅವರು ಬರೆದೇ ಇಲ್ಲ. ಹೊಂದಾಣಿಕೆ ಅಂದರೆ ಮುಂದಿನ ಸಲ ಬಂದಾಗ ಆ ಬಿಲ್ಲಿನಲ್ಲಿ ಕಳೆಯುತ್ತೇವೆ ಅಂತಲೂ ಆಗುತ್ತದೆ. ಅಂದರೆ ನಿಮ್ಮ ದುಡ್ಡು ವಾಪಸು ಬೇಕಿದ್ದರೆ ನೀವು ಇನ್ನೊಮ್ಮೆ ಕಾಯಿಲೆ ಬೀಳಬೇಕು. ಕೌಂಟರಿನ ಹುಡುಗ ಮೊದಲಿಗೆ ಹಾಗೆಯೇ ಹೇಳಿದ್ದ: “ಫಾಲೋಅಪ್‌ಗೆ ಬರ್ತೀರಲ್ಲ, ಅದ್ರಲ್ಲಿ ಅಡ್ಜಸ್ಟ್ ಆಗ್ತದೆ.” ಹನ್ನೆರಡು ಸಾವಿರ ಕಳೆಯಲಿಕ್ಕೆ ಎಷ್ಟು ಫಾಲೋಅಪ್ ಬೇಕು ಲೆಕ್ಕ ಹಾಕಿ.

ಕೊನೆಗೆ ‘ಮಾಡಲಾಗುವುದು’. ಇದು ನಮ್ಮ ಕಚೇರಿ ಕನ್ನಡದ ದೊಡ್ಡ ಅಡಗುತಾಣ. ಮಾಡುವವರು ಯಾರು ಅಂತ ಹೇಳದೆ ವಾಕ್ಯ ಮುಗಿಸಬಹುದು. ಸರ್ಕಾರಿ ನೋಟೀಸಿನಲ್ಲಿ ಓದಿ ಓದಿ ನಮಗೂ ಅಭ್ಯಾಸ ಆಗಿದೆ, ನಮ್ಮ ಮನವಿ ಪತ್ರಗಳಲ್ಲೂ ಇದು ನುಗ್ಗಿದೆ. ‘ಅಕೌಂಟ್ಸ್ ವಿಭಾಗ ಕಳುಹಿಸುತ್ತದೆ’ ಅಂದರೆ ಒಬ್ಬರನ್ನು ಹಿಡಿದು ಕೇಳಬಹುದು. ‘ಕಳುಹಿಸಲಾಗುವುದು’ ಅಂದರೆ ಯಾರನ್ನು ಕೇಳುತ್ತೀರಿ?

ನಾವು ಬರೆದುಕೊಟ್ಟ ಪತ್ರ ಹೀಗಿತ್ತು. ಬಿಲ್ ನಂಬರು, ಹೆಸರುಗಳನ್ನು ತೆಗೆದಿದ್ದೇನೆ.

“ಶ್ರೀಮತಿ … ಅವರಿಗೆ,

ನಿಮ್ಮ ಗಂಡನ ಚಿಕಿತ್ಸೆಗೆ ಜುಲೈ 9ರಂದು ನಾವು ಕೊಟ್ಟ 68,740 ರೂಪಾಯಿಯ ಬಿಲ್ಲಿನಲ್ಲಿ 12,400 ರೂಪಾಯಿ ತಪ್ಪಾಗಿ ಹೆಚ್ಚು ಹಾಕಿದ್ದೇವೆ. ಈ ತಪ್ಪು ನಮ್ಮ ಬಿಲ್ಲಿಂಗ್ ವಿಭಾಗದ್ದು. ಇದಕ್ಕೆ ನಿಮ್ಮ ಕ್ಷಮೆ ಕೇಳುತ್ತೇವೆ.

ತಪ್ಪು ಆದದ್ದು ಹೀಗೆ. ಜುಲೈ 3ರ ರಾತ್ರಿ ನೀವು ನಗದು ಕಟ್ಟಿದ್ದ ಸಿ.ಟಿ. ಸ್ಕ್ಯಾನಿನ 4,200 ರೂಪಾಯಿಯನ್ನು ಅಂತಿಮ ಬಿಲ್ಲಿನಲ್ಲಿ ಇನ್ನೊಮ್ಮೆ ಸೇರಿಸಿದ್ದೇವೆ. ರೋಗಿ ಜನರಲ್ ವಾರ್ಡಿನಲ್ಲೇ ಇದ್ದರೂ ಜುಲೈ 5, 6, 7ಕ್ಕೆ ಸೆಮಿ ಪ್ರೈವೇಟ್ ರೂಮಿನ ದರ ಹಾಕಿದ್ದೇವೆ. ಇದರಿಂದ ಬಾಡಿಗೆಯಲ್ಲಿ 4,800, ಡಾಕ್ಟರ್ ಭೇಟಿಯಲ್ಲಿ 600, ನರ್ಸಿಂಗ್‌ನಲ್ಲಿ 450 ರೂಪಾಯಿ ಹೆಚ್ಚಾಗಿದೆ. ಫಾರ್ಮಸಿಗೆ ಹಿಂದಿರುಗಿಸಿದ 2,350 ರೂಪಾಯಿಯ ಔಷಧಿಯನ್ನು ಬಿಲ್ಲಿನಿಂದ ಕಳೆದಿಲ್ಲ.

ಹಳೆಯ ಬಿಲ್ಲನ್ನು ರದ್ದು ಮಾಡಿದ್ದೇವೆ. 56,340 ರೂಪಾಯಿಯ ಹೊಸ ಬಿಲ್ಲು ಈ ಪತ್ರದ ಜೊತೆ ಇದೆ.

12,400 ರೂಪಾಯಿಯನ್ನು ನೀವು ಕೊಟ್ಟ ನಿಮ್ಮ ಬ್ಯಾಂಕ್ ಖಾತೆಗೆ ಜುಲೈ 31ರ ಒಳಗೆ ನೆಫ್ಟ್ ಮೂಲಕ ಹಾಕುತ್ತೇವೆ. ಹಾಕಿದ ದಿನವೇ ಯು.ಟಿ.ಆರ್. ನಂಬರನ್ನು ನಿಮ್ಮ ಮೊಬೈಲಿಗೆ ಕಳುಹಿಸುತ್ತೇವೆ. ಅಂದು ದುಡ್ಡು ಬಾರದಿದ್ದರೆ ನಮ್ಮ ಅಕೌಂಟ್ಸ್ ಮ್ಯಾನೇಜರನ್ನು ಕೇಳಿ. ಅವರ ಹೆಸರು ಮತ್ತು ನೇರ ನಂಬರು ಕೆಳಗಿದೆ.”

ಅಷ್ಟೇ. ಇದರಲ್ಲಿ ಕಷ್ಟದ ಪದ ‘ಯು.ಟಿ.ಆರ್.’ ಒಂದೇ, ಅದು ಬೇಕೇ ಬೇಕು. ಬ್ಯಾಂಕಿನ ಪ್ರತಿ ವರ್ಗಾವಣೆಗೂ ಇರುವ ಗುರುತಿನ ನಂಬರು ಅದು. ‘ನಾವು ಹಾಕಿದ್ದೇವೆ, ನಿಮ್ಮ ಬ್ಯಾಂಕಿನಲ್ಲಿ ಕೇಳಿ’ ಅಂತ ಆಸ್ಪತ್ರೆ ಹೇಳಿದರೆ, ಆ ನಂಬರು ಇದ್ದವರು ಬ್ಯಾಂಕಿಗೆ ಹೋಗಿ ಐದು ನಿಮಿಷದಲ್ಲಿ ಸತ್ಯ ತಿಳಿಯಬಹುದು. ಇಲ್ಲದವರು ಎರಡು ಕೌಂಟರಿನ ನಡುವೆ ಬಸ್ಸಿಗೆ ದುಡ್ಡು ಹಾಕುತ್ತಾ ಓಡಾಡಬೇಕು.

ತಾರೀಖಿನ ಮೇಲೆ ಅಲ್ಲಿ ದೊಡ್ಡ ಚರ್ಚೆಯೇ ಆಯಿತು. ಆಡಳಿತದವರು ಬರೆಯಲು ಒಪ್ಪಿದ್ದು ‘ಅನುಮೋದನೆಯಾದ 10 ಕೆಲಸದ ದಿನಗಳಲ್ಲಿ’. ಕೇಳಲಿಕ್ಕೆ ಸ್ಪಷ್ಟ ಇದ್ದಂತೆ ಕಾಣುತ್ತದೆ, ಅಲ್ವಾ? ಆದರೆ ಅನುಮೋದನೆ ಯಾವಾಗ ಆಗುತ್ತದೆ ಅಂತ ಪತ್ರದಲ್ಲಿ ಇಲ್ಲ. ಎಣಿಕೆ ಶುರುವಾಗುವ ದಿನವೇ ಅವರ ಕೈಯಲ್ಲಿದ್ದರೆ ಹತ್ತು ದಿನ ಯಾವತ್ತೂ ಮುಗಿಯುವುದಿಲ್ಲ. ಬ್ಯಾಂಕಿನವರು ತಡ ಮಾಡುತ್ತಾರೆ ಅಂದರು. 2019ರ ಡಿಸೆಂಬರ್‌ನಿಂದ ನೆಫ್ಟ್ ಹಗಲು ರಾತ್ರಿ, ಭಾನುವಾರವೂ ನಡೆಯುತ್ತದೆ, ಅರ್ಧ ಗಂಟೆಗೊಂದು ಸುತ್ತು. ಸುತ್ತು ಮುಗಿದ ಎರಡು ಗಂಟೆಯೊಳಗೆ ಖಾತೆಗೆ ಬೀಳಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಹಾಗಾದರೆ ಹತ್ತು ದಿನ ಹೋಗುವುದು ಎಲ್ಲಿ? ಆಸ್ಪತ್ರೆಯ ಒಳಗೆ. ಬಿಲ್ಲಿಂಗ್‌ನವರು ವೋಚರ್ ಬರೆಯಬೇಕು, ಫಾರ್ಮಸಿಯವರು ವಾಪಸಾತಿ ಒಪ್ಪಬೇಕು, ಮ್ಯಾನೇಜರ್ ಸಹಿ ಹಾಕಬೇಕು, ಮತ್ತೆ ಆ ಆಸ್ಪತ್ರೆಯಲ್ಲಿ ಹೊರಗೆ ದುಡ್ಡು ಹಾಕುವುದು ವಾರಕ್ಕೆ ಒಂದೇ ದಿನ. ಅದು ಅವರ ಮನೆ ವ್ಯವಸ್ಥೆ, ಇರಲಿ. ನಾವು ನಾಳೆಯೇ ಹಾಕಿ ಅನ್ನಲಿಲ್ಲ. ಆ ಎಲ್ಲ ಸಹಿಗೂ ಸಮಯ ಬಿಟ್ಟು ಒಂದು ತಾರೀಖು ಹೇಳಿ ಅಂದೆವು. ಅವರೇ 31 ಅಂದರು.

ತಾರೀಖು ಯಾಕೆ ಅಷ್ಟು ಮುಖ್ಯ ಅಂತ ನಮ್ಮ ಸಂಗಾತಿಗಳಲ್ಲೇ ಒಬ್ಬರು ಕೇಳಿದರು. ಸಂಘದ ಕಂತು ವಾರ ವಾರ ಕಟ್ಟಬೇಕು, ಸೊಸೈಟಿ ಬಡ್ಡಿ ತಿಂಗಳು ತಿಂಗಳು ಬೆಳೆಯುತ್ತದೆ. ಬೆಂಡೋಲೆ ಯಾವಾಗ ಬಿಡಿಸಬಹುದು, ಅಲ್ಲಿಯವರೆಗೆ ಇನ್ನೊಬ್ಬರ ಹತ್ತಿರ ಕೈಸಾಲ ಕೇಳಬೇಕಾ ಬೇಡವಾ ಅಂತ ಆ ಅಕ್ಕ ತೀರ್ಮಾನ ಮಾಡಬೇಕು. ‘ಆದಷ್ಟು ಬೇಗ’ ಅನ್ನುವುದರ ಮೇಲೆ ಯಾರೂ ಸಾಲದ ಲೆಕ್ಕ ಹಾಕಲಿಕ್ಕಾಗುವುದಿಲ್ಲ. ಮನೆಯಲ್ಲಿ ನಾಲ್ಕು ಲಕ್ಷ ಇದ್ದವರಿಗೆ ‘ಆದಷ್ಟು ಬೇಗ’ ಬರೀ ಕಿರಿಕಿರಿ. ಕಾಲನಿಯ ಮನೆಗೆ ಅದು ಬಡ್ಡಿ.

ಯಾವ ಖಾತೆಗೆ ಅನ್ನುವುದೂ ಸಣ್ಣ ವಿಷಯ ಅಲ್ಲ. ಕಟ್ಟಿದ ದುಡ್ಡು ಬಂದ ದಾರಿಯಲ್ಲೇ ವಾಪಸು ಹೋಗಬೇಕು ಅನ್ನುವುದು ಹಲವು ಆಸ್ಪತ್ರೆಗಳ ಪದ್ಧತಿ. ಮೋಸ ತಡೆಯಲಿಕ್ಕೆ ಅದು ಸರಿಯೂ ಹೌದು. ಆದರೆ ನಮ್ಮಲ್ಲಿ ಕಟ್ಟುವವರ ಮೊಬೈಲು ಒಬ್ಬರದ್ದು, ದುಡ್ಡು ಇನ್ನೊಬ್ಬರದ್ದು. ಇಲ್ಲಿ ಅಕ್ಕನ ಮಗನಿಂದ ಒಂದು ಒಪ್ಪಿಗೆ ಚೀಟಿ, ಅಕ್ಕನ ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್ ಕೊಟ್ಟು ಸರಿಮಾಡಿದೆವು. ಪತ್ರದಲ್ಲಿ ‘ನಿಮ್ಮ ಖಾತೆಗೆ’ ಅಂತ ಬರೆಸದಿದ್ದರೆ ದುಡ್ಡು ಯಾರ ಮೊಬೈಲಿಗೋ ಬಿದ್ದು, ಕುಟುಂಬದೊಳಗೆ ಹೊಸ ಜಗಳ ಶುರುವಾಗಬಹುದಿತ್ತು.

ಹಳೆ ಬಿಲ್ಲು ರದ್ದಾಗಿದೆ ಅಂತ ಬರೆಸಿದ್ದಕ್ಕೂ ಕಾರಣ ಇದೆ. ಇವರು ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವ ತಯಾರಿಯಲ್ಲಿದ್ದರು. ಅಲ್ಲಿಗೆ 68,740ರ ಬಿಲ್ಲು ಹೋಗಿ, ಆಮೇಲೆ 12,400 ವಾಪಸು ಬಂದದ್ದು ಗೊತ್ತಾದರೆ ಸುಳ್ಳು ಬಿಲ್ಲು ಕೊಟ್ಟವರು ಅನ್ನಿಸಿಕೊಳ್ಳುವುದು ಆಸ್ಪತ್ರೆಯಲ್ಲ, ನಾವು. ನಮ್ಮವರ ಮೇಲೆ ಆ ಮಾತು ಎಷ್ಟು ಬೇಗ ಅಂಟುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಆಡಳಿತದವರ ನಿಜವಾದ ಹೆದರಿಕೆ ಬೇರೆ ಇತ್ತು. “ತಪ್ಪು ನಮ್ಮದು ಅಂತ ಬರೆದರೆ ನೀವು ನಾಳೆ ಕೇಸ್ ಹಾಕ್ತೀರಿ” ಅಂದರು. ನಾನು ಹೇಳಿದ್ದು ಇಷ್ಟು: ಎರಡು ಸಲ ಬಿದ್ದ ಸ್ಕ್ಯಾನಿನ ಸಾಕ್ಷಿ ನಿಮ್ಮ ಕ್ಷಮಾಪಣೆಯಲ್ಲಿ ಇಲ್ಲ, ನಿಮ್ಮದೇ ರಸೀದಿಯಲ್ಲಿದೆ. ಅದು ಈಗಾಗಲೇ ನಮ್ಮ ಕೈಯಲ್ಲಿದೆ. ಬಿಲ್ಲಿನ ಲೆಕ್ಕ ತಪ್ಪಿದೆ ಅಂತ ಒಪ್ಪಿದರೆ ಚಿಕಿತ್ಸೆ ತಪ್ಪಿದೆ ಅಂತ ಒಪ್ಪಿದ ಹಾಗೂ ಆಗುವುದಿಲ್ಲ, ಚಿಕಿತ್ಸೆ ಬಗ್ಗೆ ಆ ಮನೆಯವರಿಗೆ ದೂರೇ ಇಲ್ಲ. ಕೇಸಿಗೆ ಹೋಗುವವರು ಹೋಗುವುದು ದುಡ್ಡು ಬಾರದಿದ್ದಾಗ.

ಹೋಗಲಿಕ್ಕೆ ದಾರಿ ಇದೆ ಅನ್ನುವುದೂ ಗೊತ್ತಿರಲಿ. ದುಡ್ಡು ಕೊಟ್ಟು ಪಡೆಯುವ ಆಸ್ಪತ್ರೆ ಸೇವೆ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು. 2017ರ ತಿದ್ದುಪಡಿಯ ನಂತರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರ ಇದೆ. ನಮಗೆ ಅದು ಮಣಿಪಾಲದ ರಜತಾದ್ರಿ. ಬೈಂದೂರಿನಿಂದ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ ಹೋಯಿತು, ಅದಕ್ಕೇ ಪತ್ರದ ಹಂತದಲ್ಲೇ ಸರಿಮಾಡಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ‘ಪತ್ರ ತಿದ್ದುತ್ತಾ ಕೂತರೆ ಹೋರಾಟ ಯಾವಾಗ?’ ಅಂದವರಿಗೂ ಇದೇ ಉತ್ತರ. ಮೊತ್ತ, ತಾರೀಖು ಇಲ್ಲದ ಪತ್ರವನ್ನು ಪ್ರಾಧಿಕಾರದ ಮುಂದೆ ಇಟ್ಟರೆ, ಪರಿಶೀಲನೆಯಲ್ಲಿದೆ ಅಂತ ಆಸ್ಪತ್ರೆ ಇನ್ನೂ ಆರು ತಿಂಗಳು ಹೇಳಬಹುದು. ಜುಲೈ 31 ಅಂತ ಬರೆದ ಪತ್ರ ಇದ್ದರೆ ಆಗಸ್ಟ್ 1ಕ್ಕೆ ಮಾತು ಮುಗಿಯಿತು.

ಒಂದು ಎಚ್ಚರಿಕೆ. ಪತ್ರದ ಜೊತೆ ಇನ್ನೊಂದು ಹಾಳೆ ಕೊಟ್ಟಿದ್ದರು, ‘ಪೂರ್ಣ ಮೊತ್ತ ಸಂದಾಯವಾಗಿದ್ದು ಇನ್ನು ಮುಂದೆ ಯಾವುದೇ ತಕರಾರು ಇರುವುದಿಲ್ಲ’ ಅಂತ. ದುಡ್ಡು ಬರುವ ಒಂದು ವಾರ ಮೊದಲೇ ಸಹಿ ಬೇಕಂತೆ. ಹಾಕಬೇಡಿ. ನಾವು ಅದನ್ನು ವಾಪಸು ಕೊಟ್ಟು, ದುಡ್ಡು ಖಾತೆಗೆ ಬಿದ್ದ ಮೇಲೆ ‘12,400 ರೂಪಾಯಿ ಇಂಥ ದಿನ ಬಂದಿದೆ’ ಅಂತ ಒಂದು ಸಾಲಿನ ರಸೀದಿ ಬರೆದುಕೊಡುತ್ತೇವೆ ಅಂದೆವು.

ನಮ್ಮ ಪತ್ರವನ್ನು ಅವರು ಪೂರ್ತಿ ಒಪ್ಪಲಿಲ್ಲ. ‘ಈ ತಪ್ಪು ನಮ್ಮ ಬಿಲ್ಲಿಂಗ್ ವಿಭಾಗದ್ದು’ ಅನ್ನುವುದನ್ನು ‘ನಮ್ಮ ಕಡೆಯಿಂದ ಆದ ತಪ್ಪು’ ಅಂತ ಮಾಡಿದರು. ಆಗಲಿ ಅಂದೆವು. ಐದು ಮೊತ್ತಗಳು, ರದ್ದಾದ ಬಿಲ್ಲು, ಖಾತೆ, ತಾರೀಖು, ಮ್ಯಾನೇಜರ್ ಹೆಸರು ಹಾಗೇ ಉಳಿದವು. ಜುಲೈ 24ಕ್ಕೆ ಸಹಿಯಾದ ಪತ್ರ ಸಿಕ್ಕಿತು. 30ರ ಸಂಜೆ ದುಡ್ಡು ಬಂತು, ಯು.ಟಿ.ಆರ್. ನಂಬರು ಮಾತ್ರ ಕೇಳಿ ತೆಗೆದುಕೊಳ್ಳಬೇಕಾಯಿತು. ಸ್ಕ್ಯಾನ್ ಎರಡು ನಂಬರಿಗೂ ಏರುವುದನ್ನು ತಡೆಯಲು ಮುಂದೆ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.

ನಿಮ್ಮ ಊರಿನ ಯಾರಿಗಾದರೂ ‘ವಿಷಾದಿಸುತ್ತೇವೆ’ ಪತ್ರ ಬಂದಿದ್ದರೆ ರೋಗಿಯ ಹೆಸರು ಮುಚ್ಚಿ ಫೋಟೋ ಕಳಿಸಿ. ಜೊತೆಗೆ ಅಂತಿಮ ಬಿಲ್ಲಿನ ಎಲ್ಲಾ ಪುಟ, ಕ್ಯಾಶುವಾಲ್ಟಿ ರಸೀದಿ, ಔಷಧಿ ವಾಪಸಾತಿ ಚೀಟಿ ಕೂಡ ಬೇಕು. ಬರೀ ಕೊನೆ ಪುಟದ ಮೊತ್ತ ಕಳಿಸಿದರೆ ಎಂತದೂ ಹುಡುಕಲಿಕ್ಕೆ ಬರುವುದಿಲ್ಲ.